ಹನ್ನೆರಡನೆಯ ರಾಶಿ

ಗೊತ್ತಾದ ಗಂಟೆಗಳೊಳಗೆ ಒಂದು ಕಂಪ್ಯೂಟರ್ ಆಟ ಕಟ್ಟಿ ಸಲ್ಲಿಸುವ ಗೇಮ್ ಜಾಮ್ ಗ್ರೀನಿಚ್ ಸಮಯದ ನಡುರಾತ್ರಿಗೆ ಮುಗಿಯುತ್ತದೆಂದು ನಿಯಮದಲ್ಲಿ ಬರೆದಿತ್ತು. ಎಂದರೆ ಚಿಕ್ಕಮಗಳೂರಿನ ಬಸವನಹಳ್ಳಿಯಲ್ಲಿ ಸೋಮವಾರ ಬೆಳಗಿನ 5.30. ಕೊಟ್ಟಿದ್ದ 48 ಗಂಟೆಗಳಲ್ಲಿ ಕೊನೆಯ ರಾತ್ರಿಯಷ್ಟೇ ಉಳಿದಿತ್ತು. ನಂದಿತಾಳ ಆಟದಲ್ಲಿ ಚಿತ್ರಗಳು, ಸದ್ದು, ಮೂರು ಹಂತಗಳು ಎಲ್ಲವೂ ಸಿದ್ಧವಾಗಿದ್ದವು. ಆದರೆ ಮೂರನೆಯ ಹಂತ ಕೆಲವೊಮ್ಮೆ ಮುಗಿಯುತ್ತಲೇ ಇರಲಿಲ್ಲ.

ಅದು ಕಾಫಿ ಕಣದ ಆಟ. ಸಿಮೆಂಟಿನ ಕಣದಲ್ಲಿ ಹಣ್ಣು ಒಣಗುತ್ತಿರುತ್ತದೆ, ಮುಳ್ಳಯ್ಯನಗಿರಿಯ ಕಡೆಯಿಂದ ಮೋಡ ಏರಿ ಬರುತ್ತದೆ, ಮೊದಲ ಹನಿ ಬೀಳುವುದರೊಳಗೆ ಹರಡಿದ್ದನ್ನೆಲ್ಲ ಹನ್ನೆರಡು ರಾಶಿಗಳಾಗಿ ಎಳೆದು ಟಾರ್ಪಾಲು ಹೊದಿಸಬೇಕು. ಆಲ್ದೂರಿನ ಬಳಿಯ ತೋಟದಲ್ಲಿ ಅಪ್ಪ ಜನವರಿಯ ಅಕಾಲ ಮಳೆಗೆ ಕಣದ ಮೇಲೆ ಓಡಾಡಿದ್ದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಅರ್ಧ ಒಣಗಿದ ಹಣ್ಣು ಮತ್ತೆ ನೆನೆದರೆ ಬೂಷ್ಟು ಹಿಡಿಯುತ್ತದೆ, ಬೆಲೆ ಬೀಳುತ್ತದೆ. ಇಡೀ ವರ್ಷದ ಕೆಲಸ ಆ ಅರ್ಧ ಗಂಟೆಯಲ್ಲಿ ಹೋಗುತ್ತದೆ. ಒಂದು ರಾಶಿಯೂ ನೆನೆಯಬಾರದು ಎನ್ನುವುದೇ ಆಟದ ನಿಯಮ, ಆಟದ ಅರ್ಥವೂ ಅದೇ.

ಹನ್ನೆರಡೂ ರಾಶಿಗಳನ್ನು ಹೊದಿಸಿದ ಮೇಲೂ ಪರದೆಯ ಮೂಲೆಯ ಎಣಿಕೆ ಹನ್ನೊಂದರಲ್ಲೇ ನಿಂತುಬಿಡುತ್ತಿತ್ತು. ಮಳೆ ಸುರಿಯುತ್ತಿತ್ತು, ಕಣದಲ್ಲಿ ಒಂದು ಹಣ್ಣೂ ಹೊರಗೆ ಕಾಣುತ್ತಿರಲಿಲ್ಲ, ಆದರೂ ಆಟಗಾರ ಸೋಲುತ್ತಿದ್ದ. ಪ್ರತಿ ಬಾರಿಯೂ ಹೀಗಾಗಿದ್ದರೆ ದೋಷವನ್ನು ಹಿಡಿಯುವುದು ಸುಲಭವಿತ್ತು. ನಂದಿತಾ ಆಡಿದಾಗ ಎಣಿಕೆ ಸರಿಯಾಗಿ ಹನ್ನೆರಡಕ್ಕೆ ಮುಟ್ಟುತ್ತಿತ್ತು, ಹಾಸನದ ಕೆ.ಆರ್. ಪುರಂನಲ್ಲಿ ಕುಳಿತು ಆಟಕ್ಕೆ ಸದ್ದು ಮಾಡಿಕೊಡುತ್ತಿದ್ದ ಚೇತನ್ ಆಡಿದಾಗ ಮಾತ್ರ ಅದು ಎಡವುತ್ತಿತ್ತು.

ಆದ್ದರಿಂದ ಅವಳ ಮೊದಲ ಅನುಮಾನ ಚೇತನನ ಹಳೆಯ ಲ್ಯಾಪ್‌ಟಾಪಿನ ಮೇಲೆ ಹೋಯಿತು. ನಿಧಾನದ ಯಂತ್ರದಲ್ಲಿ ಒಂದು ಸೆಕೆಂಡಿಗೆ ಮೂಡುವ ಫ್ರೇಮುಗಳು ಕಡಿಮೆ, ಆ ನಡುವೆ ಏನೋ ತಪ್ಪಿಹೋಗುತ್ತಿರಬಹುದೆಂದು ತನ್ನ ಯಂತ್ರದಲ್ಲೂ ವೇಗವನ್ನು 30 ಫ್ರೇಮುಗಳಿಗೆ ಇಳಿಸಿ ಆಡಿ ನೋಡಿದಳು. ಎಣಿಕೆ ಸರಿಯಾಗಿಯೇ ಬಂತು. ರಾಶಿಯ ಸ್ಕ್ರಿಪ್ಟಿನೊಳಗೆ, ಹೊದಿಕೆ ಬಿದ್ದೊಡನೆ ಒಂದು ಸಾಲು ಮುದ್ರಣವಾಗುವಂತೆ ಮಾಡಿ ಆಟವನ್ನು ಚೇತನನಿಗೆ ಕಳಿಸಿದಳು. ಅವನಲ್ಲಿ ಹನ್ನೆರಡು ಸಾಲುಗಳೂ ಮುದ್ರಣವಾದವು, ಎಣಿಕೆ ಮಾತ್ರ ಹನ್ನೊಂದೇ. ರಾಶಿಗಳು ಸುಳ್ಳು ಹೇಳುತ್ತಿಲ್ಲ, ಎಣಿಸುವವರೇ ಎಲ್ಲೋ ಒಂದನ್ನು ಬಿಡುತ್ತಿದ್ದಾರೆ ಎಂದು ಅಷ್ಟರಿಂದ ಗೊತ್ತಾಯಿತು. ಎಣಿಸುವ ಕೋಡು ನಾಲ್ಕೇ ಸಾಲಿನದು, ಅವಳು ಅದನ್ನು ಅದಾಗಲೇ ಬಾಯಿಪಾಠ ಮಾಡಿದ್ದಳು:

```gdscript
for heap in open_heaps:
    if heap.just_covered:
        covered += 1
        open_heaps.erase(heap)
```

ಹೊದಿಸದ ರಾಶಿಗಳ ಪಟ್ಟಿಯನ್ನು ಪ್ರತಿ ಫ್ರೇಮಿನಲ್ಲೂ ನೋಡು, ಈಗತಾನೇ ಹೊದಿಸಿದ್ದು ಸಿಕ್ಕರೆ ಲೆಕ್ಕಕ್ಕೆ ಸೇರಿಸು, ಪಟ್ಟಿಯಿಂದ ತೆಗೆ. ಇದರಲ್ಲಿ ತಪ್ಪುವುದಕ್ಕೆ ಏನಿದೆ ಎಂದು ನೋಡುತ್ತಿರುವಾಗಲೇ ಕರೆಂಟು ಹೋಯಿತು. ಲ್ಯಾಪ್‌ಟಾಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಬ್ಯಾಟರಿ ಇತ್ತು. ಇಂಟರ್‌ನೆಟ್ಟನ್ನು ಫೋನಿನಿಂದ ಜೋಡಿಸಿಕೊಂಡು ಚೇತನನಿಗೆ ಕರೆ ಮಾಡಿದಳು.

"ನಂದಿತಕ್ಕ, ಒಂದು ಮಾತು ಹೇಳಲಾ? ಹನ್ನೊಂದಾದರೂ ಗೆದ್ದ ಹಾಗೆ ಅಂತ ಮಾಡಿಬಿಡಿ. ಯಾರಿಗೆ ಗೊತ್ತಾಗುತ್ತದೆ?"

ಹತ್ತೊಂಬತ್ತು ವರ್ಷದ ಹುಡುಗ, ಎರಡು ರಾತ್ರಿ ನಿದ್ದೆಗೆಟ್ಟಿದ್ದಾನೆ, ಅವನು ಹೇಳುವುದರಲ್ಲಿ ಅನ್ಯಾಯವೇನೂ ಇರಲಿಲ್ಲ. ಒಂದು ಚಿಹ್ನೆ, ಒಂದು ಅಂಕಿ ಬದಲಿಸಿದರೆ ಆಗುವ ಕೆಲಸ. ಅವಳು ಆ ಸಾಲಿನವರೆಗೂ ಹೋದಳು. ಆದರೆ ಹಾಗೆ ಮಾಡಿದರೆ ಒಂದು ರಾಶಿಯನ್ನು ಮಳೆಗೆ ಬಿಟ್ಟವನೂ ಗೆಲ್ಲುತ್ತಾನೆ. ಉಳಿದ ಎಲ್ಲ ಕೊರತೆಗಳನ್ನೂ ಸಹಿಸಬಹುದಿತ್ತು, ಇದೊಂದನ್ನು ಸಾಧ್ಯವಿರಲಿಲ್ಲ.

"ಬೇಡ ಚೇತು. ಇನ್ನೊಂದು ಸಲ ಆಡು. ಏನೇನು ಮಾಡುತ್ತೀ ಅಂತ ನನಗೆ ಹೇಳುತ್ತಾ ಆಡು."

ಅವನು ಆಡಿದ. ಮೊದಲ ಎರಡು ಸುತ್ತು ಗೆದ್ದುಬಿಟ್ಟ. ದೋಷವನ್ನು ಹುಡುಕುವಾಗ ಗೆಲುವಿನಷ್ಟು ಬೇಸರದ ಸಂಗತಿ ಬೇರೆ ಇರುವುದಿಲ್ಲ. ಮೂರನೆಯ ಸುತ್ತಿನಲ್ಲಿ ಎಣಿಕೆ ನಿಂತಿತು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಅಕ್ಕ, ಟಾರ್ಪಾಲು ಬೀಳುವ ಸದ್ದು ಈಗ ಒಂದು ಸಲ ಜೋರಾಗಿ ಕೇಳಿಸಿತು. ನಾನು ರೆಕಾರ್ಡ್ ಮಾಡಿದ್ದು ಅಷ್ಟು ಜೋರಿಲ್ಲ. ಹಿಂದೆ ಸಿಕ್ಕಿಹಾಕಿಕೊಂಡಾಗಲೂ ಹೀಗೇ ಕೇಳಿಸಿತ್ತು, ಸ್ಪೀಕರ್ ಒಡೆದಿದೆ ಅಂದುಕೊಂಡಿದ್ದೆ."

ಅದೇ ಸದ್ದು, ಎರಡರಷ್ಟು ಜೋರು. ಹಾಗಾದರೆ ಎರಡು ಟಾರ್ಪಾಲುಗಳು ಒಂದೇ ಕ್ಷಣಕ್ಕೆ ಬಿದ್ದಿರಬೇಕು. ಮೂರನೆಯ ಹಂತದಲ್ಲಿ ಸೀಟಿ ಊದಿದರೆ ಇಬ್ಬರು ಆಳುಗಳು ಒಟ್ಟಿಗೆ ಟಾರ್ಪಾಲು ಎಳೆಯುತ್ತಾರೆ. ಆ ಸೀಟಿಯನ್ನು ಇಟ್ಟಿದ್ದು ನಂದಿತಾಳೇ. ಅವಳು ಆಡುವಾಗ ಒಂದೊಂದೇ ರಾಶಿಯನ್ನು ಜತನದಿಂದ ಮುಗಿಸುತ್ತಿದ್ದಳು, ಚೇತನ್ ಅವಸರದಲ್ಲಿ ಸೀಟಿ ಊದುತ್ತಿದ್ದ.

ಅವಳು ಸೀಟಿ ಊದಿ, ಒಂದಕ್ಕೊಂದು ದೂರದ ಎರಡು ರಾಶಿಗಳನ್ನು ಒಟ್ಟಿಗೆ ಹೊದಿಸಿದಳು. ಲೆಕ್ಕ ಸರಿಯಾಗಿತ್ತು. ಅಕ್ಕಪಕ್ಕದ ಎರಡನ್ನು ಹೊದಿಸಿದಳು. ಒಂದು ಬಿಟ್ಟುಹೋಯಿತು. ಮತ್ತೆ ಮಾಡಿದಳು, ಮತ್ತೆ ಬಿಟ್ಟುಹೋಯಿತು. ಇಡೀ ರಾತ್ರಿ ಕೈಗೆ ಸಿಗದೆ ತಪ್ಪಿಸಿಕೊಂಡಿದ್ದ ದೋಷ ಈಗ ಕರೆದಾಗಲೆಲ್ಲ ಬರುತ್ತಿತ್ತು.

ಉಳಿದದ್ದನ್ನು ಅವಳು ಕಾಗದದ ಮೇಲೆ ಬರೆದು ನೋಡಿದಳು. ಸರತಿಯ ಸಾಲಿನಲ್ಲಿ ಹೆಸರು ಕೂಗುವವನು ನಾಲ್ಕನೆಯವನನ್ನು ಹೊರಗೆ ಕಳಿಸಿದೊಡನೆ ಐದನೆಯವನು ನಾಲ್ಕನೆಯ ಜಾಗಕ್ಕೆ ಸರಿಯುತ್ತಾನೆ. ಕೂಗುವವನು ಅದನ್ನು ನೋಡದೆ ಐದನೆಯ ಜಾಗಕ್ಕೆ ಹೋದರೆ, ಸರಿದವನ ಹೆಸರು ಕೂಗದೇ ಉಳಿಯುತ್ತದೆ. ಪಟ್ಟಿಯ ಮೇಲೆ ಸಾಗುತ್ತಿರುವಾಗಲೇ ಅದೇ ಪಟ್ಟಿಯಿಂದ ತೆಗೆದುಹಾಕಬಾರದೆಂದು, ಅವಳು ಆಟ ಕಟ್ಟುತ್ತಿದ್ದ ಗೋಡೋ ಎಂಜಿನ್ನಿನ ಕೈಪಿಡಿಯಲ್ಲಿಯೇ ಎಚ್ಚರಿಕೆಯಿದೆ. ಮುಂದಿನ ಫ್ರೇಮಿನಲ್ಲಿ ಆ ರಾಶಿ ಮತ್ತೆ ಸಿಗಬಹುದಿತ್ತು, ಆದರೆ `just_covered` ಒಂದೇ ಫ್ರೇಮಿನವರೆಗೆ ನಿಜವಾಗಿದ್ದು ಆಮೇಲೆ ಅಳಿಸಿಹೋಗುತ್ತಿತ್ತು. ಒಮ್ಮೆ ತಪ್ಪಿದ ರಾಶಿ ಮತ್ತೆಂದೂ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಪಟ್ಟಿಯ ಒಂದು ನಕಲಿನ ಮೇಲೆ ಸಾಗಿ, ಮೂಲದಿಂದ ತೆಗೆದರೆ ಸಾಕು:

```gdscript
for heap in open_heaps.duplicate():
```

ಅಷ್ಟೇ. ಒಂದು ಸಾಲಿನ ಕೊನೆಗೆ ಸೇರಿದ ಒಂದು ಪದ. ಸೀಟಿ, ಅಕ್ಕಪಕ್ಕದ ಎರಡು, ಹನ್ನೆರಡು. ಬೇರೆ ಜೋಡಿ, ಹನ್ನೆರಡು. ಹಾಸನದಲ್ಲಿ ಚೇತನ್ ಆಡಿದ ಅವಸರದ ಆಟ, ಅಲ್ಲಿಯೂ ಹನ್ನೆರಡು. ಬೇಕೆಂದೇ ಒಂದು ರಾಶಿಯನ್ನು ಮಳೆಗೆ ಬಿಟ್ಟು ಆಡಿದರೆ, ಸೋಲು. ಆ ಸೋಲನ್ನು ನೋಡಿದಾಗ ಅವಳಿಗೆ ಗೆಲುವಿಗಿಂತ ಹೆಚ್ಚು ಸಮಾಧಾನವಾಯಿತು.

ಬ್ರೌಸರಿನಲ್ಲಿ ಆಡುವ ಆವೃತ್ತಿಯನ್ನು ಹೊರತೆಗೆದು, ಜಿಪ್ ಮಾಡಿ ಏರಿಸುವ ಹೊತ್ತಿಗೆ ನಾಲ್ಕೂವರೆ ದಾಟಿತ್ತು. ಫೋನಿನ ಇಂಟರ್‌ನೆಟ್ ಒಮ್ಮೆ ನಡುವೆ ಕಡಿದುಹೋಗಿ ಮೊದಲಿನಿಂದ ಏರಿಸಬೇಕಾಯಿತು. 5.12ಕ್ಕೆ ಸಲ್ಲಿಕೆ ದಾಖಲಾಯಿತು. ಪುಟವನ್ನು ತೆರೆದು, ಯಾರೋ ಅಪರಿಚಿತರು ಆಡುವಂತೆ ಮೊದಲಿನಿಂದ ಕೊನೆಯವರೆಗೆ ಆಡಿದಳು. ಮೂರೂ ಹಂತಗಳು ಮುಗಿದವು.

"ಅಕ್ಕ, ಇನ್ನೂ ಟೈಮಿದೆ," ಎಂದ ಚೇತನ್. "ಎರಡು ಟಾರ್ಪಾಲು ಒಟ್ಟಿಗೆ ಬಿದ್ದಾಗ ಸದ್ದು ಜೋರಾಗುತ್ತದಲ್ಲ, ಅದನ್ನು ತಗ್ಗಿಸಿ ಕಳಿಸಲಾ? ಐದು ನಿಮಿಷದ ಕೆಲಸ."

"ಬೇಡ, ಇರಲಿ ಬಿಡು. ಕಣದಲ್ಲಿ ಇಬ್ಬರು ಒಟ್ಟಿಗೆ ಎಳೆದರೆ ಅಷ್ಟೇ ಜೋರಾಗಿ ಕೇಳಿಸುತ್ತದೆ. ನೀನು ಹೋಗಿ ಮಲಗು."