ನೀರ್ ದೋಸೆಯ ವಿಡಿಯೊ: ಮೊದಲ ಮೂರು ಸೆಕೆಂಡುಗಳ ಬರಹ

ಈ ಭಾನುವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಚಿತ್ರಿಸಲಿರುವ ನೀರ್ ದೋಸೆಯ ವಿಡಿಯೊಗೆ ಐದು ಆರಂಭಗಳನ್ನು ಬರೆದಿದ್ದೇನೆ. ದೋಸೆ ಹೊಯ್ಯುವವರು ಅತ್ತಿಗೆ, ಮೊಬೈಲ್ ಹಿಡಿಯುವವನು ತಮ್ಮ, ಧ್ವನಿ ನನ್ನದು. ನಾಲ್ಕನೆಯ ಸೆಕೆಂಡಿನಲ್ಲಿ ಬರುವ ಮಾತನ್ನೂ ಪ್ರತಿಯೊಂದರ ಜೊತೆಗೇ ಕೊಟ್ಟಿದ್ದೇನೆ. ನೋಡುವವರು ಬೆರಳನ್ನು ನಿಲ್ಲಿಸಿದ ಕಾರಣಕ್ಕೆ ಅಲ್ಲಿಯೇ ಉತ್ತರದ ಮೊದಲ ತುದಿ ಸಿಗದಿದ್ದರೆ ಅವರು ಐದನೆಯ ಸೆಕೆಂಡಿಗೆ ಉಳಿಯುವುದಿಲ್ಲ.

ಆರಂಭ 1

ದೃಶ್ಯ: ಪಾತ್ರೆಯೂ ಸೌಟೂ ಮಾತ್ರ ಕಾಣುವಷ್ಟು ಹತ್ತಿರದ ಚಿತ್ರ. ಅತ್ತಿಗೆ ಸೌಟನ್ನು ಒಂದು ಗೇಣು ಎತ್ತರಕ್ಕೆ ಎತ್ತಿ ಹಿಟ್ಟನ್ನು ಮರಳಿ ಪಾತ್ರೆಗೆ ಸುರಿಯುತ್ತಾರೆ. ವಿಡಿಯೊ ತೆರೆದ ಕ್ಷಣದಲ್ಲಿಯೇ ಧಾರೆ ಬೀಳುತ್ತಿರಬೇಕು. ಸೌಟು ಮೇಲೇಳುವ ಭಾಗವನ್ನು ಕತ್ತರಿಸಬೇಕು.

ಧ್ವನಿ: "ಇದು ಮಜ್ಜಿಗೆಯಲ್ಲ, ದೋಸೆಯ ಹಿಟ್ಟು."

ಪರದೆಯ ಬರಹ: ಮಜ್ಜಿಗೆಯಲ್ಲ, ದೋಸೆ ಹಿಟ್ಟು!

ನಾಲ್ಕನೆಯ ಸೆಕೆಂಡು: "ನಾಲ್ಕು ಗಂಟೆ ನೆನೆಸಿದ ಒಂದು ಲೋಟ ಬೆಳ್ತಿಗೆ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಒಟ್ಟು ಎರಡೂವರೆ ಲೋಟದಷ್ಟು ನೀರು ಸೇರಿಸಿದರೆ ಹಿಟ್ಟು ಈ ಹದಕ್ಕೆ ಬರುತ್ತದೆ. ಇದಕ್ಕೆ ಉದ್ದು ಬೇಡ, ಹುಳಿ ಬರಿಸುವುದೂ ಬೇಡ."

ಕರಾವಳಿಯವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ ಎಂಬುದು ನಿಜ. ಆದರೆ ಉದ್ದಿನ ದೋಸೆಯ ದಪ್ಪ ಹಿಟ್ಟನ್ನೇ ಕಂಡು ಬೆಳೆದವರು ಈ ಧಾರೆಯನ್ನು ನೋಡಿ ಖಂಡಿತ ಅನುಮಾನ ಪಡುತ್ತಾರೆ, ಆ ಅನುಮಾನವೇ ನಮಗೆ ಬೇಕು.

ಆರಂಭ 2

ದೃಶ್ಯ: ಕಬ್ಬಿಣದ ಕಾವಲಿಯನ್ನು ನೇರ ಮೇಲಿನಿಂದ ತೋರಿಸಬೇಕು. ಹೊಗೆಯಾಡುವಷ್ಟು ಕಾದ ಕಾವಲಿಯ ಅಂಚಿನಿಂದ ಹಿಟ್ಟು ಹೊಯ್ಯಲು ಶುರುಮಾಡಿ, ಸುತ್ತು ಬಂದು ನಡುವಿಗೆ ಮುಗಿಸುವ ಒಂದೇ ಸೌಟಿನ ಚಲನೆ. ಹಿಟ್ಟು ತಾಗಿದಲ್ಲೆಲ್ಲ ತೂತುಗಳು ಬೀಳುವುದು ಸ್ಪಷ್ಟವಾಗಿ ಕಾಣಬೇಕು.

ಧ್ವನಿ: ಮಾತಿಲ್ಲ, ಸಂಗೀತವೂ ಇಲ್ಲ. ಕಾವಲಿಯ 'ಚೊಂಯ್' ಎಂಬ ಸದ್ದು ಮಾತ್ರ.

ಪರದೆಯ ಬರಹ: ಈ ಸದ್ದು ಬಾರದಿದ್ದರೆ ತೂತೂ ಇಲ್ಲ.

ನಾಲ್ಕನೆಯ ಸೆಕೆಂಡು: "ಕಾದ ಕಬ್ಬಿಣಕ್ಕೆ ತಾಗಿದ ಕೂಡಲೇ ಹಿಟ್ಟಿನ ನೀರು ಆವಿಯಾಗಿ ಮೇಲಕ್ಕೆ ನುಗ್ಗುತ್ತದೆ, ಅದು ಹೊರಟ ದಾರಿ ಮುಚ್ಚಿಕೊಳ್ಳುವ ಮೊದಲೇ ಅಕ್ಕಿಯ ಹಿಟ್ಟು ಬೆಂದು ಗಟ್ಟಿಯಾಗುವುದರಿಂದ ತೂತುಗಳು ಹಾಗೆಯೇ ಉಳಿಯುತ್ತವೆ. ಕಾವಲಿ ತಣ್ಣಗಿದ್ದರೆ ಹಿಟ್ಟು ಸುಮ್ಮನೆ ಹರಿದು ನಿಲ್ಲುತ್ತದೆ."

ನನ್ನ ಮಟ್ಟಿಗೆ ಐದರಲ್ಲಿ ಬಲವಾದ ಆರಂಭ ಇದೇ, ಏಕೆಂದರೆ ಮೊಬೈಲಿನ ಸದ್ದು ಮುಚ್ಚಿಕೊಂಡವರನ್ನು ಬರಹ ಹಿಡಿಯುತ್ತದೆ, ಸದ್ದು ತೆರೆದವರನ್ನು ಕಾವಲಿ ಹಿಡಿಯುತ್ತದೆ. ಆ ಮೂರು ಸೆಕೆಂಡಿಗಾಗಿ ಫ್ಯಾನ್ ಆರಿಸಿ, ಮಿಕ್ಸಿಯ ಕೆಲಸವನ್ನು ಮೊದಲೇ ಮುಗಿಸಿ, ಮೊಬೈಲನ್ನು ಒಲೆಗೆ ಸಾಧ್ಯವಾದಷ್ಟು ಹತ್ತಿರ ಇಡಬೇಕು. ಆದರೆ ಕಾವಲಿಯ ಆವಿ ಲೆನ್ಸಿಗೆ ಮುತ್ತದಷ್ಟು ಓರೆಯಾಗಿ. ಮೊದಲ ದೋಸೆಯನ್ನು ಚಿತ್ರಕ್ಕೆ ಲೆಕ್ಕ ಹಿಡಿಯುವುದು ಬೇಡ. ಅದು ಕಾವಲಿಯನ್ನು ಪಳಗಿಸುವುದಕ್ಕೆ ಹೋಗುತ್ತದೆ.

ಆರಂಭ 3

ದೃಶ್ಯ: ಬಾಳೆಲೆಯ ಮೇಲೆ ಅಕ್ಕಪಕ್ಕದಲ್ಲಿ ಎರಡು ದೋಸೆಗಳು. ಎಡಗಡೆಯದು ಬಿಳಿಯಾಗಿ, ತೆಳ್ಳಗೆ, ತೂತುತೂತಾಗಿದೆ; ಬಲಗಡೆಯದು ದಪ್ಪಗೆ, ಮೇಲ್ಮೈಯಲ್ಲಿ ಬಿರುಕು ಬಿಟ್ಟಿದೆ. ಅತ್ತಿಗೆಯ ಬೆರಳು ಎಡದಿಂದ ಬಲಕ್ಕೆ ತೋರಿಸುತ್ತದೆ, ಮುಖ ಕಾಣಬೇಕಿಲ್ಲ.

ಧ್ವನಿ: "ಒಂದೇ ಪಾತ್ರೆಯ ಹಿಟ್ಟು, ಎರಡು ಬಗೆಯ ದೋಸೆ."

ಪರದೆಯ ಬರಹ: ಹಿಟ್ಟು ಒಂದೇ. ಹೀಗೇಕಾಯಿತು?

ನಾಲ್ಕನೆಯ ಸೆಕೆಂಡು: "ಇಷ್ಟು ನೀರಾದ ಹಿಟ್ಟಿನಲ್ಲಿ ಅಕ್ಕಿ ಬೇಗನೆ ತಳಕ್ಕೆ ಇಳಿಯುತ್ತದೆ. ಪ್ರತಿ ದೋಸೆಗೂ ಮೊದಲು ತಳದಿಂದ ಕಲಕದಿದ್ದರೆ ಮೇಲಿನ ನೀರೆಲ್ಲ ಮೊದಲ ದೋಸೆಗಳಿಗೆ ಹೋಗಿ, ಕೊನೆಯ ದೋಸೆಗೆ ಬರೀ ಗಸಿ ಉಳಿಯುತ್ತದೆ."

ಬಲಗಡೆಯ ದೋಸೆಯನ್ನು ಬೇರೆ ಹಿಟ್ಟಿನಿಂದ ಮಾಡಿ ನಟಿಸುವುದು ನನಗೆ ಒಪ್ಪಿಗೆಯಿಲ್ಲ. ಎಡಗಡೆಯದನ್ನು ಚೆನ್ನಾಗಿ ಕಲಕಿ ಹೊಯ್ದ ಮೇಲೆ ಅದೇ ಪಾತ್ರೆಯನ್ನು ಅಲುಗಿಸದೆ ಬಿಟ್ಟು, ಮೇಲಿನ ತಿಳಿಯನ್ನು ಬೇರೆ ತೆಗೆದಿಟ್ಟು, ತಳದ ಹಿಟ್ಟಿನಿಂದ ಬಲಗಡೆಯದನ್ನು ನಿಜವಾಗಿಯೇ ಹೊಯ್ಯಬೇಕು. ತಿಳಿಯನ್ನು ಮತ್ತೆ ಬೆರೆಸಿ ಸರಿಯಾದ ದೋಸೆ ಹೊಯ್ಯುವ ದೃಶ್ಯವೂ ಅಲ್ಲಿಂದಲೇ ಸಿಗುತ್ತದೆ, ಅದು ವಿಡಿಯೊದ ಒಡಲಿಗೆ ಉಪಯೋಗಕ್ಕೆ ಬರುತ್ತದೆ.

ಆರಂಭ 4

ದೃಶ್ಯ: ಸಟ್ಟುಗ ಹಾಕಿ ಎಬ್ಬಿಸಲು ಹೋದಾಗ ದೋಸೆ ಕಾವಲಿಗೆ ಅಂಟಿ ಹರಿದು ಮುದ್ದೆಯಾಗುತ್ತದೆ.

ಧ್ವನಿ: "ನಿಮ್ಮ ನೀರ್ ದೋಸೆಯೂ ಹೀಗೆಯೇ ಏಳುತ್ತದೆಯೇ?"

ಪರದೆಯ ಬರಹ: ದೋಸೆ ಏಳುತ್ತಿಲ್ಲವೇ?

ನಾಲ್ಕನೆಯ ಸೆಕೆಂಡು: "ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯಿಂದ ಕಾದ ಕಾವಲಿಯನ್ನು ಒರೆಸಿ, ಹಿಟ್ಟು ಹೊಯ್ದು ಮುಚ್ಚಳ ಮುಚ್ಚಿ. ಅಂಚು ತಾನಾಗಿ ಬಿಡುವವರೆಗೆ ಸಟ್ಟುಗವನ್ನು ಮುಟ್ಟಬೇಡಿ, ಮಗುಚಲೂ ಬೇಡಿ."

ಇದು ಎಲ್ಲರೂ ಬಳಸುವ ದಾರಿ, ಆದರೂ ಕೆಲಸ ಮಾಡುತ್ತದೆ.

ಆರಂಭ 5

ದೃಶ್ಯ: ಬೆಳಗಿನ ಬಿಸಿಲು ಬೀಳುವ ಕಿಟಕಿಯ ಎದುರು ಎರಡು ಕೈಗಳು ಒಂದು ಇಡೀ ದೋಸೆಯನ್ನು ಬಿಡಿಸಿ ಹಿಡಿಯುತ್ತವೆ, ತೂತುಗಳಿಂದ ಬೆಳಕು ತೂರಿ ಬರುತ್ತದೆ. ಮೂರನೆಯ ಸೆಕೆಂಡಿಗೆ ಕೈಗಳು ಅದನ್ನು ನಾಲ್ಕು ಮಡಿಕೆ ಮಾಡುತ್ತವೆ.

ಧ್ವನಿ: "ಇದಕ್ಕೆ ಚಿಟಿಕೆ ಸೋಡಾವನ್ನೂ ಹಾಕಿಲ್ಲ."

ಪರದೆಯ ಬರಹ: ಅಕ್ಕಿ, ಕಾಯಿ, ಉಪ್ಪು, ನೀರು. ಅಷ್ಟೇ.

ನಾಲ್ಕನೆಯ ಸೆಕೆಂಡು: "ರುಬ್ಬುವಾಗ ಹಾಕಿದ ಒಂದು ಹಿಡಿ ತೆಂಗಿನ ತುರಿ ದೋಸೆಯನ್ನು ಮೆತ್ತಗಾಗಿಸುತ್ತದೆ, ಆದ್ದರಿಂದಲೇ ಮಡಿಸಿದರೂ ಅದು ಮುರಿಯುವುದಿಲ್ಲ."

ಈ ಚಿತ್ರಕ್ಕೆ ದೋಸೆ ಸ್ವಲ್ಪ ಆರಿರಬೇಕು; ಬಿಸಿಯಾಗಿದ್ದಾಗ ಎತ್ತಿದರೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ.

ಬರಹವನ್ನು ಎಲ್ಲ ಆರಂಭಗಳಲ್ಲಿಯೂ ಪರದೆಯ ಮೇಲಿನ ಮೂರನೇ ಒಂದು ಭಾಗಕ್ಕೆ ಸ್ವಲ್ಪ ಕೆಳಗೆ, ಎಡಕ್ಕೆ ಒತ್ತಿ ಹಾಕಬೇಕು. ಕೆಳಗಿನ ಭಾಗವನ್ನು ವಿವರಣೆಯ ಸಾಲುಗಳೂ ಬಲಭಾಗವನ್ನು ಲೈಕ್ ಮತ್ತು ಶೇರ್ ಗುಂಡಿಗಳೂ ಮುಚ್ಚುತ್ತವೆ. ನಮಸ್ಕಾರ, ವಾಹಿನಿಯ ಹೆಸರು, "ಇವತ್ತು ನಾವು ಮಾಡಲಿರುವುದು" ಎಂಬ ಪೀಠಿಕೆ ಇವೆಲ್ಲವನ್ನೂ ಬೇಕೆಂದೇ ಬಿಟ್ಟಿದ್ದೇನೆ. "ಅಜ್ಜಿಯ ಕೈರುಚಿಯ ಗುಟ್ಟು" ಎಂಬ ಸಾಲನ್ನು ಅತ್ತಿಗೆ ಸೂಚಿಸಿದ್ದರು. ಅದನ್ನೂ ಸೇರಿಸಿಲ್ಲ, ಏಕೆಂದರೆ ಆ ಮಾತನ್ನು ಸಾರಿಗೂ ಹೇಳಬಹುದು, ಉಪ್ಪಿನಕಾಯಿಗೂ ಹೇಳಬಹುದು, ನೀರ್ ದೋಸೆಗೆ ಅದರಲ್ಲಿ ವಿಶೇಷವೇನೂ ಉಳಿಯುವುದಿಲ್ಲ.

ಮೊದಲು ಎರಡನೆಯದನ್ನು ಹಾಕೋಣ, ಮುಂದಿನ ವಾರ ಮೂರನೆಯದನ್ನು. ಭಾನುವಾರ ಮಳೆ ಹಿಡಿದುಕೊಂಡರೆ ಹೆಂಚಿನ ಸದ್ದಿನಲ್ಲಿ ಕಾವಲಿಯ ಸದ್ದು ಕೇಳುವುದಿಲ್ಲ, ಕಿಟಕಿಯಲ್ಲಿ ಬಿಸಿಲೂ ಇರುವುದಿಲ್ಲ. ಹಾಗಾದರೆ ಒಂದನೆಯದನ್ನೂ ಮೂರನೆಯದನ್ನೂ ಮಾತ್ರ ಚಿತ್ರಿಸಿ, ಉಳಿದವನ್ನು ಮುಂದಿನ ಬಾರಿ ಅಕ್ಕಿ ನೆನೆಹಾಕಿದಾಗ ನೋಡಿಕೊಳ್ಳೋಣ.