ಜಮೀನು, ಸೈಟಿನ ಕಾಗದ ಸ್ಕ್ಯಾನ್ ಮಾಡಿ, ಹೆಸರಿಟ್ಟು, ಜೋಪಾನವಾಗಿ ಇಡುವ ಕ್ರಮ

(ಗ್ರಾಮ ಪಂಚಾಯಿತಿ ಕಚೇರಿ, ಮೂಡಿಗೆರೆ ತಾಲ್ಲೂಕು. ಹೊಸದಾಗಿ ಬಂದಿರುವ ಗುಮಾಸ್ತರಿಗೆ)

ನಾನು ಈ ತಿಂಗಳ ಕೊನೆಗೆ ಬೇರೆ ಪಂಚಾಯಿತಿಗೆ ಹೋಗುತ್ತಿದ್ದೇನೆ. ಬೀರುವಿನ ಕೀ ಕೊಟ್ಟು ಹೋದರೆ ಸಾಲದು, ಅಲ್ವಾ? ಸ್ಕ್ಯಾನ್ ಕೆಲಸ ಅರ್ಧ ಆಗಿದೆ. ಹೊಸಹಳ್ಳಿ ಮುಗಿದಿದೆ, ಮಾವಿನಹಳ್ಳಿ ನಡೆಯುತ್ತಿದೆ, ಕೆಳಗೂರು ಇನ್ನೂ ಮುಟ್ಟಿಲ್ಲ. ಉಳಿದದ್ದನ್ನೂ ಇದೇ ಕ್ರಮದಲ್ಲಿ ಮಾಡಿ. ನಡುವೆ ಕ್ರಮ ಬದಲಾದರೆ ಹಳೆಯದು, ಹೊಸದು ಎರಡೂ ಹುಡುಕಲು ಸಿಗುವುದಿಲ್ಲ.

ಮೊದಲು: ಯಾವ ಕಾಗದ ನಮ್ಮದು?

ಪಹಣಿ, ಮ್ಯುಟೇಶನ್‌ಗಳ ಮೂಲ ದಾಖಲೆ ಕಂದಾಯ ಇಲಾಖೆಯದು, ಅದು ಭೂಮಿ ತಂತ್ರಾಂಶದಲ್ಲಿದೆ. ನಮ್ಮ ಹತ್ತಿರ ಇರುವುದು ಜನ ಅರ್ಜಿ ಜೊತೆ ಕೊಟ್ಟ ನಕಲು ಮಾತ್ರ. ನಿಜವಾಗಿ ನಮ್ಮದು ಅನ್ನುವುದು ಗ್ರಾಮಠಾಣಾದ ಮನೆ, ಸೈಟಿನ ಡಿಮ್ಯಾಂಡ್ ರಿಜಿಸ್ಟರ್, ಖಾತೆ ಬದಲಾವಣೆ ಕಡತ, ಸಭೆಯ ನಡಾವಳಿ, ಇ-ಸ್ವತ್ತಿನಲ್ಲಿ ಬಂದ ನಮೂನೆ 9 ಮತ್ತು 11ರ ಕಚೇರಿ ಪ್ರತಿ. ಇವನ್ನು ಮೊದಲು ಸ್ಕ್ಯಾನ್ ಮಾಡಿ. ಪಹಣಿ ನಕಲು ಕಡತದ ಒಳಗೇ ಬರಲಿ, ಅದಕ್ಕೆ ಬೇರೆ ಫೈಲ್ ಬೇಡ.

ಇನ್ನೊಂದು ಮಾತು. ಸ್ಕ್ಯಾನ್ ಆಯಿತು ಎಂದು ಮೂಲ ಕಾಗದವನ್ನು ಎಸೆಯಬೇಡಿ, ರದ್ದಿಗೂ ಹಾಕಬೇಡಿ. ಕಂಪ್ಯೂಟರ್‌ನಲ್ಲಿ ಇರುವುದು ಹುಡುಕುವುದಕ್ಕೆ. ತಕರಾರು ಬಂದರೆ ಕೇಳುವುದು ಆ ಹಳದಿ ಬಣ್ಣಕ್ಕೆ ತಿರುಗಿದ ಹಾಳೆಯನ್ನೇ.

ಕಾಗದ ಸಿದ್ಧ ಮಾಡುವುದು

ಅರ್ಧ ಕೆಲಸ ಇಲ್ಲೇ ಇದೆ. ನಮ್ಮ ಮಲೆನಾಡಿನ ಮಳೆ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರು ತೆಗೆದರೆ ಬೂಷ್ಟಿನ ವಾಸನೆ ಬರುತ್ತದೆ. ಒದ್ದೆ ಹಿಡಿದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅವನ್ನು ಎಳೆದು ಬಿಡಿಸಬೇಡಿ, ಬಿಸಿಲಿಗೂ ಹಾಕಬೇಡಿ. ಒಣಗಿದ ಕೋಣೆಯಲ್ಲಿ ಫ್ಯಾನ್ ಕೆಳಗೆ ಒಂದೆರಡು ದಿನ ಬಿಡಿ. ಆಮೇಲೆ ಮೂಲೆಯಿಂದ ನಿಧಾನವಾಗಿ ಬಿಡಿಸಿ. ಹಳೇ ಕಟ್ಟುಗಳನ್ನು ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಮುಗಿಸಿಕೊಳ್ಳುವುದು ಒಳ್ಳೆಯದು.

ತುಕ್ಕು ಹಿಡಿದ ಪಿನ್ ತೆಗೆಯಿರಿ. ಹರಿದ ಜಾಗಕ್ಕೆ ಸೆಲ್ಲೋ ಟೇಪ್ ಹಚ್ಚಬೇಡಿ, ವರ್ಷಗಳು ಕಳೆದ ಮೇಲೆ ಅದೇ ಕಂದು ಪಟ್ಟಿಯಾಗಿ ಅಕ್ಷರ ನುಂಗುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಪ್ರತಿ ಹಾಳೆಯ ಮೇಲಿನ ಬಲ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಪುಟ ಸಂಖ್ಯೆ ಹಾಕಿ. ಪೆನ್ನು ಬೇಡ. ಟ್ಯಾಗ್ ಬಿಚ್ಚಿದ ಮೇಲೆ ಹಾಳೆಗಳ ವರಸೆ ತಪ್ಪಿದರೆ ಈ ಸಂಖ್ಯೆಯೇ ಗತಿ.

ಸ್ಕ್ಯಾನ್ ಮಾಡುವುದು

1. ಸ್ಕ್ಯಾನರ್ ಗಾಜನ್ನು ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಧೂಳಿನ ಒಂದು ಕಣ ಇದ್ದರೂ ಎಲ್ಲ ಪುಟದಲ್ಲೂ ಅದೇ ಜಾಗದಲ್ಲಿ ಚುಕ್ಕೆ ಬರುತ್ತದೆ. ಅಂಕಿಯ ಪಕ್ಕ ಬಿದ್ದರೆ ಅದು ದಶಮಾಂಶ ಬಿಂದುವಿನ ಹಾಗೆ ಕಾಣುತ್ತದೆ.

2. ಸೆಟ್ಟಿಂಗ್: 300 ಡಿ.ಪಿ.ಐ., ಕಲರ್, ಪಿ.ಡಿ.ಎಫ್. ಕಪ್ಪು-ಬಿಳುಪು ಬೇಡ. ಮಸುಕಾದ ನೀಲಿ ಸೀಲು, ಕೆಂಪು ಶಾಯಿಯ ತಿದ್ದುಪಡಿ, ಹೆಬ್ಬೆಟ್ಟು ಗುರುತು ಅದರಲ್ಲಿ ಮಾಯವಾಗುತ್ತವೆ. ಕಲರ್‌ನಲ್ಲಿ ಎ4 ಹಾಳೆ ಒಂದಕ್ಕೆ ಸುಮಾರು 1 ಎಂ.ಬಿ. ಆಗಬಹುದು. ಆದರೂ ಚಿಂತೆ ಇಲ್ಲ, ನಮ್ಮ ಹಾರ್ಡ್ ಡಿಸ್ಕ್‌ನಲ್ಲಿ ಜಾಗ ಬೇಕಾದಷ್ಟಿದೆ.

3. ಹಾಳೆ ಎಳೆದುಕೊಳ್ಳುವ ಫೀಡರ್‌ಗೆ ಹಾಕುವುದು ಹೊಸ ಹಾಳೆ ಮಾತ್ರ. ಹಳೆಯದು, ಮಡಿಕೆ ಬಿದ್ದದ್ದು, ಛಾಪಾ ಕಾಗದ ಎಲ್ಲವೂ ಗಾಜಿನ ಮೇಲೇ.

4. ಹಳೇ ಕ್ರಯಪತ್ರ, ಹಕ್ಕುಪತ್ರಗಳು ಎ4ಗಿಂತ ಉದ್ದ ಇರುತ್ತವೆ. ಗಾಜಿನ ಮೇಲೆ ಇಟ್ಟರೆ ಕೆಳಗಿನ ಎರಡು ಇಂಚು ಹೊರಗೆ ಉಳಿಯುತ್ತದೆ. ಸಹಿ, ಸೀಲು ಇರುವುದು ಅಲ್ಲೇ! ಆದ್ದರಿಂದ ಒಂದೇ ಹಾಳೆಯನ್ನು ಎರಡು ಸಲ ಸ್ಕ್ಯಾನ್ ಮಾಡಿ. ಮೊದಲು ಮೇಲ್ಭಾಗ, ಆಮೇಲೆ ಕೆಳಭಾಗ. ನಡುವಿನ ನಾಲ್ಕೈದು ಸಾಲು ಎರಡರಲ್ಲೂ ಬರಲಿ.

5. ಹಿಂಬದಿ ತಿರುಗಿಸಿ ನೋಡಿ. ನೋಂದಣಿ ಕಚೇರಿಯ ಸೀಲು, ಸಾಕ್ಷಿ ಸಹಿ ಅನೇಕ ಸಲ ಹಿಂದೆ ಇರುತ್ತವೆ. ಖಾಲಿ ಇದ್ದರೆ ಬಿಡಿ.

6. ಒಂದು ದಾಖಲೆಗೆ ಒಂದು ಪಿ.ಡಿ.ಎಫ್. ಮುಗಿದ ತಕ್ಷಣ ತೆರೆದು ಪುಟ ಎಣಿಸಿ. ಪೆನ್ಸಿಲ್ ಸಂಖ್ಯೆ ವರಸೆಯಾಗಿ ಇದೆಯಾ ನೋಡಿ. ಆಮೇಲೆ ಮಾತ್ರ ಟ್ಯಾಗ್ ಕಟ್ಟಿ.

ಕರೆಂಟ್ ಹೋದರೆ ಯು.ಪಿ.ಎಸ್. ಹೆಚ್ಚು ಹೊತ್ತು ತಡೆಯುವುದಿಲ್ಲ. ಅದು ಕೂಗಿದ ಕೂಡಲೇ ಕೈಯಲ್ಲಿರುವ ಫೈಲ್ ಸೇವ್ ಮಾಡಿ ನಿಲ್ಲಿಸಿ.

ಫೈಲಿಗೆ ಹೆಸರಿಡುವುದು

ನಾನು ಬಂದಾಗ ಡೆಸ್ಕ್‌ಟಾಪ್ ಮೇಲೆ `scan0001`, `new final`, `gowdru site 2` ಹೀಗೆ ಇನ್ನೂರಕ್ಕೂ ಜಾಸ್ತಿ ಫೈಲ್ ಇದ್ದವು. ಯಾವ ಗೌಡರು? ಯಾವ ಸೈಟು? ಒಂದೊಂದನ್ನೂ ತೆರೆದು ನೋಡಬೇಕಾಯಿತು. ಆಮೇಲೆ ಈ ಮಾದರಿ ಮಾಡಿಕೊಂಡೆ:

```
HSH_045-2_KRY_1998-06-12_01.pdf
MVH_G0127_F09_2019-08-21_01.pdf
```

ಮೊದಲ ಭಾಗ ಊರು: `HSH` ಹೊಸಹಳ್ಳಿ, `MVH` ಮಾವಿನಹಳ್ಳಿ, `KLG` ಕೆಳಗೂರು. ಎರಡನೆಯದು ಸರ್ವೆ ನಂಬರ್ ಮತ್ತು ಹಿಸ್ಸಾ. ಗ್ರಾಮಠಾಣಾದ ಸ್ವತ್ತಾದರೆ `G` ಹಾಕಿ ಸ್ವತ್ತಿನ ಸಂಖ್ಯೆ. ಮೂರನೆಯದು ಕಾಗದದ ಬಗೆ: `KRY` ಕ್ರಯಪತ್ರ, `VBG` ವಿಭಾಗಪತ್ರ, `DAN` ದಾನಪತ್ರ, `HKP` ಹಕ್ಕುಪತ್ರ, `KBD` ಖಾತೆ ಬದಲಾವಣೆ ಕಡತ, `NDV` ನಡಾವಳಿ, `F09` ಮತ್ತು `F11` ನಮೂನೆಗಳು. ನಾಲ್ಕನೆಯದು ಕಾಗದದ ಮೇಲಿರುವ ತಾರೀಖು, ವರ್ಷ ಮೊದಲು. ನೀವು ಸ್ಕ್ಯಾನ್ ಮಾಡಿದ ದಿನ ಅಲ್ಲ. ತಾರೀಖು ಓದಲು ಆಗದಿದ್ದರೆ ವರ್ಷ ಮಾತ್ರ, ಅದೂ ಇಲ್ಲದಿದ್ದರೆ `ND`. ಕೊನೆಯದು, ಅದೇ ದಿನದ ಅದೇ ಬಗೆಯ ಎರಡನೇ ಕಾಗದ ಬಂದರೆ `02`.

ಸರ್ವೆ ನಂಬರ್‌ನಲ್ಲಿ ಒಂದು ಪೇಚು ಇದೆ. ಕಾಗದದಲ್ಲಿ 45/2 ಎಂದಿರುತ್ತದೆ. ಭೂಮಿ ಪಹಣಿಯಲ್ಲಿ ಸರ್ನೋಕ್ ಜಾಗದಲ್ಲಿ ನಕ್ಷತ್ರದ ಗುರುತೂ ಬರುತ್ತದೆ. ವಿಂಡೋಸ್‌ನಲ್ಲಿ ಫೈಲ್ ಹೆಸರಿಗೆ `/` ಆಗಲೀ `*` ಆಗಲೀ ಹಾಕಲು ಬಿಡುವುದೇ ಇಲ್ಲ. ಅದಕ್ಕೇ ಗೀಟಿನ ಬದಲು `-` ಹಾಕಿ, ನಕ್ಷತ್ರ ಬಿಟ್ಟುಬಿಡಿ. 112/ಪಿ3 ಇದ್ದರೆ `112-P3`. ಮುಂದೆ ಸೊನ್ನೆ ಸೇರಿಸಿ ಮೂರು ಅಂಕಿ ಮಾಡಿ, ಯಾವ ಕಂಪ್ಯೂಟರಿಗೆ ಹಾಕಿದರೂ ವರಸೆ ಕೆಡುವುದಿಲ್ಲ.

ಹೆಸರಿನಲ್ಲಿ ಖಾತೆದಾರರ ಹೆಸರು ಬೇಡ. ಖಾತೆ ಬದಲಾಗುತ್ತದೆ, ಜಮೀನು ಅಲ್ಲೇ ಇರುತ್ತದೆ. ಕನ್ನಡ ಅಕ್ಷರವೂ ಬೇಡ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಹೆಸರುಗಳು ಫೈಲ್ ಪಟ್ಟಿಯಲ್ಲಿ ಏನೇನೋ ಚಿಹ್ನೆಗಳಾಗಿ ಕಾಣುತ್ತಿದ್ದವು.

ಅಂಕಿ ಓದುವಾಗ ಜೋಪಾನ

ಹಳೇ ಕಾಗದದಲ್ಲಿ ಅಂಕಿಗಳು ಕನ್ನಡದಲ್ಲಿ ಇರುತ್ತವೆ. ಕೈಬರಹದಲ್ಲಿ ೬ ಮತ್ತು ೯ ಅಣ್ಣತಮ್ಮಂದಿರ ಹಾಗೆ. ಶಾಯಿ ಹರಡಿದ್ದರೆ ಗುರುತು ಹಿಡಿಯುವುದೇ ಕಷ್ಟ. ನಾನು ಮೊದಲಿದ್ದ ಕಚೇರಿಯಲ್ಲಿ ೬೯ನ್ನು ೬೬ ಎಂದು ಓದಿ ಹೆಸರಿಟ್ಟುಬಿಟ್ಟಿದ್ದೆ. ವಯಸ್ಸಾದ ಅಮ್ಮ ಒಬ್ಬರು ತಮ್ಮ ವಿಭಾಗಪತ್ರದ ನಕಲಿಗೆ ಮೂರು ಸಲ ಬಂದರು. ಮೂರು ಸಲವೂ "ಸಿಗಲಿಲ್ಲ ಅಮ್ಮ, ಮುಂದಿನ ವಾರ ಬನ್ನಿ" ಎಂದು ಕಳಿಸಿದೆ. ಆಕೆ ಬರುತ್ತಿದ್ದುದು ದಿನಕ್ಕೆರಡೇ ಬಸ್ಸು ಇರುವ ಊರಿಂದ. ಕೊನೆಗೆ ಬೇರೆ ಏನನ್ನೋ ಹುಡುಕುವಾಗ ಅದು 66ರ ಫೋಲ್ಡರ್‌ನಲ್ಲಿ ಕಣ್ಣಿಗೆ ಬಿತ್ತು.

ಆವತ್ತಿನಿಂದ ಒಂದು ಪದ್ಧತಿ: ಸರ್ವೆ ನಂಬರನ್ನು ಕಾಗದದಲ್ಲಿ ಎರಡು ಕಡೆ ಓದುತ್ತೇನೆ. ಪತ್ರದ ಷೆಡ್ಯೂಲ್‌ನಲ್ಲಿ ಒಂದು ಸಲ, ಬೇರೆ ಎಲ್ಲಾದರೂ ಇನ್ನೊಂದು ಸಲ. ಚಕ್ಕುಬಂದಿಯಲ್ಲಿ ಪಕ್ಕದ ಜಮೀನಿನ ನಂಬರ್ ಇದ್ದರೆ ಅದನ್ನೂ ನೋಡಿ. ಆದರೂ ಅನುಮಾನ ಉಳಿದರೆ ಊಹಿಸಬೇಡಿ. ಫೈಲನ್ನು `PARISHEELANE` ಫೋಲ್ಡರಿಗೆ ಹಾಕಿ, ಬಿಲ್ ಕಲೆಕ್ಟರ್ ಅಣ್ಣನನ್ನು ಕೇಳಿ. ಮನೆ ಮನೆ ತಿರುಗಿದವರು, ಯಾವ ಬೇಲಿ ಯಾರದು ಎಂದು ಅವರಿಗೆ ಬಾಯಿಪಾಠ. ಅವರು ಹೇಳಿದ್ದನ್ನೂ ಇ-ಸ್ವತ್ತಿನಲ್ಲೋ ಪಹಣಿಯಲ್ಲೋ ಒಮ್ಮೆ ತಾಳೆ ನೋಡಿಯೇ ಫೈಲನ್ನು ಅದರ ಜಾಗಕ್ಕೆ ಹಾಕಿ.

ಪಟ್ಟಿ

`D:\DAKHALE\PATTI.xlsx` ತೆರೆಯಿರಿ. ಪ್ರತಿ ಫೈಲಿಗೂ ಒಂದು ಸಾಲು. ಫೈಲ್ ಹೆಸರು, ಊರು, ಸರ್ವೆ ನಂಬರ್ ಕಾಗದದಲ್ಲಿ ಇದ್ದ ಹಾಗೇ, ಖಾತೆದಾರರ ಹೆಸರು, ತಂದೆ ಅಥವಾ ಗಂಡನ ಹೆಸರು, ಪುಟಗಳ ಸಂಖ್ಯೆ, ಮೂಲ ಕಾಗದ ಇರುವ ಜಾಗ. ಜಾಗ ಎಂದರೆ "ಬೀರು 2, ಖಾನೆ 3, ಕಟ್ಟು 14" ಹೀಗೆ. ತಂದೆ ಹೆಸರು ಬಿಡಲೇಬೇಡಿ. ಹೊಸಹಳ್ಳಿಯಲ್ಲಿ ಒಂದೇ ಹೆಸರಿನವರು ಐದು ಜನ ಇದ್ದಾರೆ.

ಸರ್ವೆ ನಂಬರ್ ಕಾಲಂ ಅನ್ನು ನಾನು `Text` ಮಾಡಿಟ್ಟಿದ್ದೇನೆ. ಹೊಸ ಶೀಟ್ ಮಾಡಿದರೆ ನೀವೂ ಮೊದಲು ಅದನ್ನು ಮಾಡಿ. ಇಲ್ಲದಿದ್ದರೆ 5/2 ಎಂದು ಟೈಪ್ ಮಾಡಿದ ಜಮೀನನ್ನು ಎಕ್ಸೆಲ್ ತಾರೀಖು ಮಾಡಿ ಕೂರಿಸುತ್ತದೆ. ಕನ್ನಡ ಹೆಸರನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಆಗ ಮಾತ್ರ `Ctrl+F` ಹೊಡೆದರೆ ಸಿಗುತ್ತದೆ.

ಪಟ್ಟಿಯನ್ನು ಆಯಾ ದಿನವೇ ತುಂಬಿ. ನಾಳೆ ಮಾಡೋಣ ಅಂದುಕೊಂಡ ನಲವತ್ತು ಫೈಲ್ ನನ್ನ ತಲೆ ಮೇಲೆ ಆರು ತಿಂಗಳು ಕೂತಿದ್ದವು.

ಇಡುವ ಜಾಗ, ಬ್ಯಾಕಪ್

ಫೋಲ್ಡರ್ ಹೀಗಿದೆ: `D:\DAKHALE\HSH\045`. ಊರು, ಅದರೊಳಗೆ ಸರ್ವೆ ನಂಬರ್. ಡೆಸ್ಕ್‌ಟಾಪ್ ಮೇಲೆ ಏನೂ ಬೇಡ. ವಿಂಡೋಸ್ ಕೆಟ್ಟು ಫಾರ್ಮ್ಯಾಟ್ ಮಾಡಿದರೆ ಮೊದಲು ಹೋಗುವುದು ಅದೇ.

ಪ್ರತಿ ಶುಕ್ರವಾರ ಸಂಜೆ ಹೊರಗಿನ ಹಾರ್ಡ್ ಡಿಸ್ಕ್ ಸಿಕ್ಕಿಸಿ. ಅದಕ್ಕೆ `E:` ಎಂದು ಬಂದಿದೆಯಾ ನೋಡಿಕೊಂಡು, ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಹಾಕಿ:

```
robocopy D:\DAKHALE E:\DAKHALE /E /XO /R:1 /W:1
```

ಹೊಸದು, ಬದಲಾದದ್ದು ಮಾತ್ರ ನಕಲಾಗುತ್ತದೆ. ಕೊನೆಯಲ್ಲಿ ಬರುವ ಪಟ್ಟಿಯಲ್ಲಿ `FAILED` ಕೆಳಗೆ 0 ಇರಬೇಕು. ಯಾರಾದರೂ `/MIR` ಹಾಕಿ ಎಂದರೆ ಹಾಕಬೇಡಿ. ಇಲ್ಲಿ ಕೈತಪ್ಪಿ ಅಳಿಸಿದ್ದನ್ನು ಅದು ಅಲ್ಲೂ ಅಳಿಸುತ್ತದೆ. ನಕಲಾದ ಮೇಲೆ ಡಿಸ್ಕ್ ತೆಗೆದು ಪಿ.ಡಿ.ಒ. ಅವರ ಬೀರುವಿನಲ್ಲಿ ಇಡಿ. ಸದಾ ಸಿಕ್ಕಿಸಿಯೇ ಇಟ್ಟರೆ ವೈರಸ್ ಬಂದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಎರಡನೇ ಡಿಸ್ಕ್ ಮೂಡಿಗೆರೆಯಲ್ಲಿ, ತಾಲ್ಲೂಕು ಪಂಚಾಯಿತಿಯಲ್ಲಿ ಇದೆ. ತಿಂಗಳ ಸಭೆಗೆ ಹೋಗುವಾಗ ಬದಲಾಯಿಸಿಕೊಂಡು ಬನ್ನಿ.

ಮೂರು ತಿಂಗಳಿಗೊಮ್ಮೆ ಡಿಸ್ಕ್‌ನಿಂದ ಹತ್ತು ಫೈಲ್ ಸುಮ್ನೆ ಆರಿಸಿ ತೆರೆದು ನೋಡಿ.

ಯಾರಾದರೂ ಕೇಳಿದರೆ

"ಒಂದು ಫೋಟೋ ವಾಟ್ಸಾಪ್ ಮಾಡಿ ಸಾರ್" ಎಂದು ದಿನಕ್ಕೆ ನಾಲ್ಕು ಜನ ಕೇಳುತ್ತಾರೆ. ಕೊಡಬೇಡಿ. ಕಡತದಲ್ಲಿ ಆಧಾರ್ ನಕಲು, ಫೋನ್ ನಂಬರ್, ಅಣ್ಣತಮ್ಮಂದಿರ ಜಗಳದ ತಕರಾರು ಅರ್ಜಿ ಎಲ್ಲ ಇರುತ್ತದೆ. ಅರ್ಜಿ ತೆಗೆದುಕೊಳ್ಳಿ, ಪಿ.ಡಿ.ಒ. ಸಹಿ ಆದ ಮೇಲೆ ದೃಢೀಕೃತ ನಕಲು ಕೊಡಿ. ಸದಸ್ಯರೇ ಬಂದು ಕೇಳಿದರೂ ಇದೇ. ಸ್ವಲ್ಪ ಮುನಿಸಿಕೊಳ್ಳುತ್ತಾರೆ, ಕಾಫಿ ಕುಡಿಸಿ ಕಳಿಸಿ. ಪೆನ್‌ಡ್ರೈವ್ ತಂದವರಿಗೂ ಆ ಕಂಪ್ಯೂಟರ್ ಮುಟ್ಟಲು ಬಿಡಬೇಡಿ.

ಪಾಸ್‌ವರ್ಡ್ ಮಾನಿಟರ್ ಮೇಲೆ ಚೀಟಿ ಅಂಟಿಸಿತ್ತು, ಕಿತ್ತು ಹಾಕಿದ್ದೇನೆ. ಹೊಸದನ್ನು ಪಿ.ಡಿ.ಒ. ಮೇಡಂ ಹತ್ತಿರ ಮುಚ್ಚಿದ ಲಕೋಟೆಯಲ್ಲಿ ಕೊಟ್ಟಿದ್ದೇನೆ. ಮಾವಿನಹಳ್ಳಿಯ ಕಟ್ಟು 9 ಮೇಜಿನ ಮೇಲೇ ಇದೆ, ಪುಟ 31ರ ತನಕ ಆಗಿದೆ. 32ರಿಂದ ಶುರು ಮಾಡಿ.