ದಸರೆಗೆ ನಮ್ಮ ಬೀದಿಯಿಂದ ಒಂದು ಕಾಗದ

ಮೈಸೂರು
ಆಯುಧಪೂಜೆ, 4 ಅಕ್ಟೋಬರ್ 2022

ಮಾನ್ಯ ಕಾರ್ಪೊರೇಟರ್ ಮೇಡಂ ಅವರಿಗೆ,

ನಿಮಗೂ ನಿಮ್ಮ ಮನೆಯವರಿಗೂ ದಸರಾ ಹಬ್ಬದ ಶುಭಾಶಯಗಳು.

ಟೀಚರಮ್ಮನ ಕಾಗದ ಬಂತು ಅಂದ್ರೆ ಇನ್ನೊಂದು ಅರ್ಜಿ ಅಂತಲೇ ಅಂದುಕೊಂಡಿರುತ್ತೀರಿ. ಇದು ಅರ್ಜಿ ಅಲ್ಲ. ಕೊನೆಯಲ್ಲಿ ‘ಆದ್ದರಿಂದ ತಾವು ದಯಮಾಡಿ’ ಅಂತ ಏನೂ ಬರುವುದಿಲ್ಲ. ಹಬ್ಬದ ದಿನ ನಿಮಗೊಂದು ಒಳ್ಳೆ ಮಾತು ಹೇಳಬೇಕು ಅನ್ನಿಸಿತು, ಅಷ್ಟೇ.

ರಸ್ತೆ ಚೆನ್ನಾಗಿದೆ ಅಂತ ನಿಮಗೆ ಎಲ್ಲರೂ ಹೇಳಿರುತ್ತಾರೆ. ನನಗೆ ಹಿಡಿಸಿದ್ದು ರಸ್ತೆಗಿಂತ ಜಾಸ್ತಿ, ನೀವು ಕೆಲಸ ಮಾಡಿಸಿದ ಕ್ರಮ. ಟಾರಿಗೆ ದುಡ್ಡು ಮಂಜೂರಾಗಿತ್ತು. ಜಲ್ಲಿ ಕೂಡ ಬಂದು ಬಿದ್ದಿತ್ತು. ಸುಮ್ನೆ ಟಾರು ಹಾಕಿಸಿ, ಫೋಟೋ ತೆಗೆಸಿಕೊಂಡು ಹೋಗಬಹುದಿತ್ತು. ನೀವು ಮೊದಲು ಒಳಚರಂಡಿಯ ಯುಜಿಡಿ ಲೈನ್ ಆಗಲಿ, ಆಮೇಲೆ ಟಾರು ಅಂದಿರಿ. ಬೇಸಿಗೆಯಿಡೀ ಬೀದಿ ಅಗೆದು ಬಿದ್ದಿತ್ತು. ಒಣ ಹಾಕಿದ ಬಟ್ಟೆ ಮೇಲೆಲ್ಲ ಕೆಂಪು ಧೂಳು. ಗಾಡಿ ಒಳಗೆ ತರೋಕಾಗದೆ ಮೂಲೆಯಲ್ಲಿ ನಿಲ್ಲಿಸಿ ಬರುತ್ತಿದ್ದವರು ನಿಮ್ಮನ್ನು ಎಷ್ಟು ಬೈದರೋ ನಿಮಗೇ ಗೊತ್ತು. ನೀವು ಸಂಜೆ ಬಂದು ಗಣಪತಿ ಗುಡಿ ಮುಂದೆ ನಿಂತು ಎಲ್ಲ ಕೇಳಿಸಿಕೊಂಡಿರಿ. ಆದರೂ ಪೈಪು ಮುಗಿಯುವವರೆಗೆ ಟಾರು ಹಾಕಿಸಲಿಲ್ಲ.

ಅಗೆದಾಗ ತಾನೇ ಗೊತ್ತಾಗಿದ್ದು. ನಮ್ಮ ಮನೆ ಮುಂದಿನ ಹಳೇ ಜೇಡಿಮಣ್ಣಿನ ಪೈಪಿನ ಜೋಡಣೆಗಳೊಳಗೆ ಹೊಂಗೆ ಮರದ ಬೇರು ನುಗ್ಗಿ ಜಡೆ ಹೆಣೆದಂತೆ ಬೆಳೆದಿತ್ತು. ಪ್ರತಿ ಮಳೆಗೂ ಮ್ಯಾನ್‌ಹೋಲ್ ಉಕ್ಕುತ್ತಿದ್ದದ್ದು ಅದಕ್ಕೇ. ಜೆಟ್ಟಿಂಗ್ ಮಷಿನ್ ಬಂದು ತಳ್ಳಿ ಹೋಗುತ್ತಿತ್ತು, ಬೇರು ಮಾತ್ರ ಅಲ್ಲೇ ಇರುತ್ತಿತ್ತು. ಮರ ಕಡಿದುಬಿಡಿ ಅಂದವರಿಗೆ ನೀವು ಹೂಂ ಅನ್ನಲಿಲ್ಲ. ಇಂಜಿನಿಯರ್ ಹತ್ತಿರ ಮಾತಾಡಿ ಲೈನನ್ನೇ ರಸ್ತೆಯ ಆ ಕಡೆಗೆ ಸರಿಸಿದಿರಿ. ಎಲ್ಲರ ಮನೆಯ ನೀರಿನ ಕನೆಕ್ಷನ್ನೂ ಅದೇ ಸಲ ಬದಲಾಯಿತು. ಗುಂಡಿ ಮುಚ್ಚಿ, ನೀರು ಬಿಟ್ಟು, ಮಣ್ಣು ಕೂರೋವರೆಗೆ ಕಾದು, ಆಮೇಲೆ ಟಾರು. ಈ ಮಳೆಗಾಲ ಹೇಗಿತ್ತು ಅಂತ ನಿಮಗೇ ಗೊತ್ತಲ್ಲ. ರಸ್ತೆ ಎಲ್ಲೂ ಕುಸಿದಿಲ್ಲ. ಮ್ಯಾನ್‌ಹೋಲ್ ಒಂದು ಸಲವೂ ಉಕ್ಕಲಿಲ್ಲ. ಹೊಂಗೆ ಮರ ಇದೆ, ಅದರ ಕೆಳಗೆ ಹೂವಿನವಳ ಬುಟ್ಟಿಯೂ ಇದೆ.

ಬೀದಿ ದೀಪ, ಚರಂಡಿ ಮೇಲಿನ ಚಪ್ಪಡಿ ಇವೂ ಆದವು. ಅದರ ಬೆಲೆ ನನಗೆ ಗೊತ್ತಾಗಿದ್ದು ಈ ನವರಾತ್ರಿಯಲ್ಲಿ. ನಮ್ಮ ಮನೆಯಲ್ಲಿ ಬೊಂಬೆ ಕೂರಿಸುತ್ತೇವೆ. ಎರಡು ವರ್ಷ ಕೊರೊನಾದಿಂದ ಮಕ್ಕಳೇ ಬಂದಿರಲಿಲ್ಲ. ಪಟ್ಟದ ರಾಜ ರಾಣಿಗೆ ನಾನೊಬ್ಬಳೇ ಆರತಿ ಮಾಡಿದ್ದೆ. ಈ ಸಲ ಪಾಡ್ಯದ ದಿನವೇ ‘ಬೊಂಬೆ ಕೂರ್ಸಿದ್ದೀರಾ?’ ಅಂತ ಬಾಗಿಲಲ್ಲಿ ದಂಡೇ ನಿಂತಿತ್ತು. ಕತ್ತಲಾದ ಮೇಲೂ ಬರುತ್ತವೆ. ಜೊತೆಗೆ ಅಪ್ಪ ಅಮ್ಮ ಯಾರೂ ಇರುವುದಿಲ್ಲ. ಮೊದಲಾದರೆ ಯಾವ ಚಪ್ಪಡಿ ಅಲ್ಲಾಡುತ್ತೋ ಅಂತ ನಾನೇ ಟಾರ್ಚ್ ಹಿಡಿದು ಮೂಲೆವರೆಗೆ ಬಿಟ್ಟು ಬರಬೇಕಿತ್ತು. ಈಗ ಬಾಗಿನದ ಪೊಟ್ಟಣ ಕೈಗೆ ಬಿದ್ದದ್ದೇ ತಡ, ಮುಂದಿನ ಮನೆಗೆ ಓಟ. ನನ್ನ ಬೊಂಬೆಯನ್ನು ಸರಿಯಾಗಿ ನೋಡುವುದೂ ಇಲ್ಲ, ಅದೊಂದು ಬೇಜಾರು!

ಪೌರಕಾರ್ಮಿಕರ ವಿಷಯ ಬರೆಯದಿದ್ದರೆ ತಪ್ಪಾಗುತ್ತೆ. ಇವತ್ತು ಬೆಳಿಗ್ಗೆ ಕಸದ ಆಟೋಗೆ ಬಾಳೆಕಂದು ಕಟ್ಟಿ, ಚೆಂಡು ಹೂವಿನ ಹಾರ ಹಾಕಿಕೊಂಡು ಬಂದಿದ್ದರು. ಬೀದಿಯವರೆಲ್ಲ ಆಚೆ ಬಂದು ಅದಕ್ಕೂ ಕುಂಕುಮ ಇಟ್ಟು, ಕುಂಬಳಕಾಯಿ ಒಡೆದೆವು. ಒಡೆದ ಹೋಳನ್ನು ದಾರಿಯಲ್ಲಿ ಬಿಡದೆ ಅವರೇ ಬಳಿದು ಹಾಕಿಕೊಂಡು ಹೋದರು. ಮಧ್ಯಾಹ್ನ ಅವರು ಕೂತು ಊಟ ಮಾಡಲು ಪಾರ್ಕಿನ ಪಕ್ಕ ನೆರಳು, ಕುಡಿಯುವ ನೀರು ಮಾಡಿಸಿದ್ದೀರಿ. ಅದನ್ನು ಯಾರೂ ನಿಮ್ಮನ್ನು ಕೇಳಿರಲಿಲ್ಲ ಅಂತ ಅವರೇ ಹೇಳಿದರು.

ನಾನು ನಿಮ್ಮ ಪಕ್ಷಕ್ಕೆ ವೋಟು ಹಾಕುವವಳೋ ಅಲ್ಲವೋ, ಅದು ಬೇರೆ ಮಾತು. ನಮ್ಮ ಮನೆಯಲ್ಲೇ ಆ ವಿಷಯಕ್ಕೆ ಒಮ್ಮತ ಇಲ್ಲ. ಆದರೆ ಬೈಸಿಕೊಂಡರೂ ಸರಿ, ಕೆಲಸ ಸರಿಯಾಗಿ ಆಗಲಿ ಅಂತ ನಿಂತಿರಲ್ಲ, ಅದಕ್ಕೆ ಎಲ್ಲರದ್ದೂ ಒಂದೇ ಅಭಿಪ್ರಾಯ.

ನಾಳೆ ಎರಡು ವರ್ಷದ ನಂತರ ಜಂಬೂಸವಾರಿ ಅರಮನೆ ಬಿಟ್ಟು ಬನ್ನಿಮಂಟಪದವರೆಗೆ ಹೊರಡುತ್ತೆ. ನಿಮಗೆ ಓಡಾಟ ಜಾಸ್ತಿ ಇರುತ್ತೆ ಅಂತ ಇವತ್ತೇ ಮೊಮ್ಮಗನ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ಜೊತೆಗೆ ಬಾಗಿನವೂ ಇದೆ. ರವೆ ಉಂಡೆ, ಕೋಡುಬಳೆ. ಕೋಡುಬಳೆ ಸ್ವಲ್ಪ ಖಾರ. ಡಬ್ಬಿ ನಿಮ್ಮಲ್ಲೇ ಇರಲಿ.

ಇಂತಿ ನಮಸ್ಕಾರಗಳು,
ಹೊಂಗೆ ಮರದ ಮನೆ ಟೀಚರಮ್ಮ
(ಮನೆಯವರದ್ದೂ, ಬೀದಿಯವರದ್ದೂ ಸೇರಿಸಿ)